ಲೇಆಫ್‌ಗೆ ಒಂದು ವಾಕ್ಯ, ಮುಂದಿನ ಕೆಲಸಕ್ಕೆ ಉಳಿದ ಪತ್ರ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ತುಂಬ ಚಿಕ್ಕ ಜಾಗವೊಂದರ ಬಗ್ಗೆ. ಕೆಲಸಕ್ಕೆ ಅರ್ಜಿ ಹಾಕುವಾಗ ರೆಸ್ಯೂಮೆ ಜೊತೆ ಕಳಿಸುವ ಕವರ್ ಲೆಟರ್ ಇದೆಯಲ್ಲ, ಅದರೊಳಗಿನ ಎರಡು ಮೂರು ಸಾಲಿನಷ್ಟು ಜಾಗ. ಲೇಆಫ್ ಆಗಿದ್ದರೆ, ಅಥವಾ ಒಂದಾದ ಮೇಲೊಂದು ಕೆಲಸ ವರ್ಷ ತುಂಬುವ ಮೊದಲೇ ಮುಗಿದಿದ್ದರೆ, ಆ ಎರಡು ಮೂರು ಸಾಲಿನಲ್ಲಿ ಏನು ಬರೆಯಬೇಕು, ಪತ್ರದ ಯಾವ ಕಡೆ ಬರೆಯಬೇಕು, ಅದರ ಮುಂದೆ ಏನಿರಬೇಕು ಅನ್ನುವುದಷ್ಟೇ ವಿಷಯ. ಸಂದರ್ಶನವನ್ನೂ ರೆಸ್ಯೂಮೆಯನ್ನೂ ಪತ್ರಕ್ಕೆ ತಾಗುವಷ್ಟು ಮಾತ್ರ ಮುಟ್ಟುತ್ತೇನೆ.

ಮೊದಲು ಪತ್ರ ಓದುವವರ ಕುರ್ಚಿಯಲ್ಲಿ ಕೂತು ನೋಡೋಣ. ಅವರ ಮುಂದೆ ರೆಸ್ಯೂಮೆ ತೆರೆದಿದೆ. ಕಣ್ಣು ಹುದ್ದೆಯ ಹೆಸರಿನಿಂದ ತಾರೀಖಿಗೆ ಜಾರುತ್ತದೆ. 7 ತಿಂಗಳು, 5 ತಿಂಗಳು, 11 ತಿಂಗಳು. ಇಷ್ಟು ಕಂಡ ಕೂಡಲೇ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ನಮ್ಮಲ್ಲೂ ಹೀಗೇ ಆಗುತ್ತದಾ? ಹೊಸಬರೊಬ್ಬರು ಕೆಲಸ ಕಲಿತು, ಯಾರನ್ನೂ ಕೇಳದೆ ನಡೆಸಿಕೊಂಡು ಹೋಗುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಆ ಹೊತ್ತಿಗೆ ಅವರು ಹೊರಟರೆ ಮತ್ತೆ ಪ್ರಕಟಣೆ, ಮತ್ತೆ ಸಂದರ್ಶನ, ಮತ್ತೆ ಕಲಿಸುವುದು. ಓದುವವರ ಚಿಂತೆ ಪೂರ್ತಿಯಾಗಿ ಮುಂದಿನ ದಿನಗಳದ್ದು.

ಬರೆಯುವವರಿಗೆ ಮಾತ್ರ ಬೇರೆಯೇ ಪ್ರಶ್ನೆ ಕೇಳಿಸುತ್ತದೆ: ನಿಮಗೆ ಏನಾಯಿತು? ಕೆಲಸ ಹೋದ ನೋವು ಹಸಿಯಾಗಿರುವಾಗ ಹಾಗೆ ಕೇಳಿಸುವುದು ಸಹಜ. ಆ ಪ್ರಶ್ನೆಗೆ ಉತ್ತರ ಬರೆಯಲು ಕೂತರೆ ಕಂಪನಿಯ ಆರ್ಥಿಕ ಸ್ಥಿತಿ, ಮ್ಯಾನೇಜರ್ ಬದಲಾದದ್ದು, ತಮ್ಮ ತಪ್ಪಿಲ್ಲ ಅನ್ನುವುದು, ಎಲ್ಲವೂ ಸಾಲುಗಟ್ಟಿ ಬರುತ್ತವೆ. ಪತ್ರದ ಅರ್ಧ ಭಾಗ ಹಿಂದಿನದಕ್ಕೇ ಹೋಗುತ್ತದೆ. ಓದುವವರು ಕೇಳಿದ ಪ್ರಶ್ನೆಗೆ ಉತ್ತರ ಸಿಗದೇ ಹೋಗುತ್ತದೆ. ಪತ್ರ ಕೆಡುವುದು ಹೆಚ್ಚಾಗಿ ಇಲ್ಲೇ.

ಹೇಳಲೇಬೇಕಾ ಎಂಬ ಪ್ರಶ್ನೆ ಮೊದಲು ಮುಗಿಸಿಕೊಳ್ಳೋಣ. ಒಂದೇ ಕಡೆ ಮೂರು ನಾಲ್ಕು ವರ್ಷ ಇದ್ದು, ಅಲ್ಲಿ ಲೇಆಫ್ ಆಗಿ, ಎರಡು ತಿಂಗಳೊಳಗೆ ಅರ್ಜಿ ಹಾಕುತ್ತಿದ್ದರೆ ಪತ್ರದಲ್ಲಿ ಅದರ ಸುದ್ದಿಯೇ ಬೇಡ. ತಾರೀಖುಗಳು ಯಾವ ಅನುಮಾನವನ್ನೂ ಹುಟ್ಟಿಸುವುದಿಲ್ಲ. ಇಲ್ಲದ ಅನುಮಾನವನ್ನು ನಾವೇ ಹುಟ್ಟಿಸಬಾರದು. ಗುತ್ತಿಗೆಯ ಕೆಲಸ ಒಂದೇ ಇದ್ದರೂ ಅಷ್ಟೆ. ರೆಸ್ಯೂಮೆಯಲ್ಲಿ ಹುದ್ದೆಯ ಪಕ್ಕ ‘6 ತಿಂಗಳ ಗುತ್ತಿಗೆ’ ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಪತ್ರದಲ್ಲಿ ಹೇಳಬೇಕಾದ ಸಂದರ್ಭ ಮುಖ್ಯವಾಗಿ ಎರಡು. ಕಳೆದ ಎರಡು ಮೂರು ವರ್ಷಗಳಲ್ಲಿ ವರ್ಷ ತುಂಬದ ಕೆಲಸಗಳು ಎರಡಕ್ಕಿಂತ ಹೆಚ್ಚಾಗಿದ್ದರೆ ಒಂದು. ಕೊನೆಯ ಕೆಲಸ ಬಿಟ್ಟು ನಾಲ್ಕಾರು ತಿಂಗಳಾಗಿದ್ದರೆ ಇನ್ನೊಂದು. ಇವೆರಡರಲ್ಲೂ ಮೌನವಾಗಿದ್ದರೆ ಓದುವವರು ತಾವೇ ಕಾರಣ ಕಲ್ಪಿಸಿಕೊಳ್ಳುತ್ತಾರೆ, ಅವರ ಕಲ್ಪನೆ ನಮ್ಮ ನಿಜಕ್ಕಿಂತ ಕೆಟ್ಟದಾಗಿಯೇ ಇರುತ್ತದೆ.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಗೋದಾಮುಗಳಲ್ಲಿ ಸರಕಿನ ದಾಸ್ತಾನು ನೋಡಿಕೊಳ್ಳುವ ಒಬ್ಬರು ಎಂದಿಟ್ಟುಕೊಳ್ಳಿ. ಮೊದಲ ಕೆಲಸ ವಿತರಣಾ ಕಂಪನಿಯೊಂದರಲ್ಲಿ, 4 ವರ್ಷ. ಆಮೇಲೆ 6 ತಿಂಗಳ ಗುತ್ತಿಗೆ, ಅದು ಒಂದು ತಿಂಗಳು ವಿಸ್ತರಣೆಯಾಗಿ 7 ತಿಂಗಳಿಗೆ ಮುಗಿಯಿತು. ಮೂರನೆಯದು 5 ತಿಂಗಳು. ದಾಸ್ತಾನು ಯೋಜನೆಯ ಕೆಲಸ ಎಂದು ಸೇರಿಸಿಕೊಂಡು ರಾತ್ರಿ ಪಾಳಿಯ ಡೇಟಾ ಎಂಟ್ರಿ ಕೊಟ್ಟರು, ಇವರೇ ರಾಜೀನಾಮೆ ಕೊಟ್ಟರು. ನಾಲ್ಕನೆಯದು 11 ತಿಂಗಳು. ಕಂಪನಿ ಎರಡು ಗೋದಾಮುಗಳನ್ನು ಒಂದು ಮಾಡಿ, ಯೋಜನೆಯ ಕೆಲಸವನ್ನು ಕೇಂದ್ರ ಕಚೇರಿಗೆ ಒಯ್ದಿತು, ಇವರದೂ ಸೇರಿ 9 ಹುದ್ದೆ ರದ್ದಾದವು. ಅದಾಗಿ ಎರಡು ತಿಂಗಳು. ಈಗ ಎರಡನೆಯ ಗೋದಾಮು ತೆರೆಯುತ್ತಿರುವ ಒಂದು ಕಂಪನಿ ದಾಸ್ತಾನು ಯೋಜಕರು ಬೇಕೆಂದು ಪ್ರಕಟಿಸಿದೆ. ಇವರು ಬರೆದ ಮೊದಲ ಕರಡಿನಲ್ಲಿ ಈ ಪ್ಯಾರಾ ಇದೆ:

“ದುರದೃಷ್ಟವಶಾತ್ ನನ್ನ ಹಿಂದಿನ ಕಂಪನಿ ಯಾವುದೇ ಮುನ್ಸೂಚನೆ ಇಲ್ಲದೆ ನನ್ನನ್ನು ಕೆಲಸದಿಂದ ತೆಗೆದುಹಾಕಿತು. ಇದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಅದಕ್ಕೂ ಮೊದಲಿನ ಕಂಪನಿಯಲ್ಲಿ ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು ಆದ್ದರಿಂದ ಬಿಡಬೇಕಾಯಿತು. ಅದಕ್ಕೂ ಹಿಂದಿನದು ಗುತ್ತಿಗೆಯಾಗಿದ್ದು ಅವರು ಮುಂದುವರಿಸಲಿಲ್ಲ. ಹೀಗಾಗಿ ನಾನು ಪದೇಪದೇ ಕೆಲಸ ಬದಲಿಸಿದಂತೆ ಕಾಣಬಹುದು. ಆದರೂ ನಾನು ನಿಷ್ಠೆಯಿಂದ ದುಡಿಯುವವನು, ಅವಕಾಶ ಕೊಟ್ಟರೆ ಖಂಡಿತ ದೀರ್ಘಕಾಲ ನಿಮ್ಮಲ್ಲೇ ಇರುತ್ತೇನೆ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಓದಿದವರಿಗೆ ಅರ್ಜಿ ಪಕ್ಕಕ್ಕಿಡೋಣ ಅನ್ನಿಸುತ್ತದೆ. ಕಾರಣ ತಿಳಿಯಬೇಕಾದರೆ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆಯಿರಿ. ತೆಗೆದುಹಾಕಿತು. ಇರಲಿಲ್ಲ. ಬಿಡಬೇಕಾಯಿತು. ಮುಂದುವರಿಸಲಿಲ್ಲ. ಕಾಣಬಹುದು. ಇರುತ್ತೇನೆ. ಈ ಆರು ಪದಗಳನ್ನಷ್ಟೇ ಒಂದರ ಕೆಳಗೊಂದು ಓದಿದರೆ ಪ್ಯಾರಾದ ಧ್ವನಿ ಏನೆಂದು ಗೊತ್ತಾಗುತ್ತದೆ. ಮೊದಲ ನಾಲ್ಕು ಹಿಂದೆ ನೋಡುತ್ತವೆ, ಅದರಲ್ಲೂ ಎರಡು ‘ಇಲ್ಲ’ ಎನ್ನುತ್ತವೆ. ಐದನೆಯದು ಓದುವವರ ಬಾಯಿಗೆ ಆರೋಪ ಹಾಕಿಕೊಡುತ್ತದೆ. ಆರನೆಯದು ಮಾತ್ರ ಮುಂದಿನದು, ಅದಕ್ಕೆ ಆಧಾರವಿಲ್ಲ.

ಕನ್ನಡದಲ್ಲಿ ವಾಕ್ಯದ ಭಾರ ಕೊನೆಯ ಕ್ರಿಯಾಪದದ ಮೇಲೆ ಬೀಳುತ್ತದೆ. ನಡುವೆ ‘ಆದಾಗ’, ‘ಆದ ಮೇಲೆ’, ‘ಆಗಿ’ ಎಂದು ಬರುವುದೆಲ್ಲ ದಾರಿ, ಕೊನೆಯ ಪದ ಊರು. ಹಾಗಾಗಿ ಲೇಆಫ್ ಸುದ್ದಿಯನ್ನು ದಾರಿಯಲ್ಲಿ ಇಟ್ಟು, ನೀವು ಮಾಡಿದ ಕೆಲಸವನ್ನು ಕೊನೆಯಲ್ಲಿ ಇಡಿ. “ಎರಡು ಗೋದಾಮುಗಳನ್ನು ಒಂದು ಮಾಡಿ ನನ್ನ ಹುದ್ದೆಯನ್ನೂ ರದ್ದು ಮಾಡಿದರು” ಎಂದರೆ ವಾಕ್ಯ ಅಲ್ಲಿ ನಿಂತಿತು, ಓದುವವರೂ ಅಲ್ಲೇ ನಿಂತರು. “ಎರಡು ಗೋದಾಮುಗಳನ್ನು ಒಂದು ಮಾಡಿ ನನ್ನ ಹುದ್ದೆಯನ್ನು ರದ್ದು ಮಾಡಿದಾಗ, ಅಲ್ಲಿಯವರೆಗಿನ ಖರೀದಿ ಲೆಕ್ಕವನ್ನೆಲ್ಲ ಕೇಂದ್ರ ಕಚೇರಿಗೆ ಒಪ್ಪಿಸಿ ಬಂದೆ” ಎಂದರೆ ಸುದ್ದಿ ಅಷ್ಟೂ ಇದೆ, ಮುಚ್ಚಿಟ್ಟದ್ದು ಏನೂ ಇಲ್ಲ, ಆದರೆ ಕಿವಿಯಲ್ಲಿ ಉಳಿಯುವುದು ಜವಾಬ್ದಾರಿಯಿಂದ ಕೆಲಸ ಒಪ್ಪಿಸಿ ಬಂದವರ ಚಿತ್ರ. ಇಂಗ್ಲಿಷ್‌ನಲ್ಲಿ ಪತ್ರ ಬರೆಯುವವರೂ ಇದನ್ನೇ ಮಾಡಬಹುದು. ಲೇಆಫ್ ಭಾಗವನ್ನು ‘ವೆನ್’ ಅಥವಾ ‘ಆಫ್ಟರ್’ ಎಂದು ಶುರುವಾಗುವ ಉಪವಾಕ್ಯಕ್ಕೆ ಸರಿಸಿ, ಮುಖ್ಯ ವಾಕ್ಯವನ್ನು ಕೆಲಸಕ್ಕೆ ಬಿಟ್ಟುಕೊಡಿ.

ಇನ್ನೊಂದು ಸೂಕ್ಷ್ಮ ಇದೆ. ವಾಕ್ಯದಲ್ಲಿ ಹೋದದ್ದು ಯಾವುದು, ನೀವೋ ಹುದ್ದೆಯೋ? “ನನ್ನನ್ನು ತೆಗೆದರು” ಎಂದರೆ ವ್ಯಕ್ತಿಯನ್ನು ನೋಡಿ ತೆಗೆದ ಹಾಗೆ. “ಹುದ್ದೆ ರದ್ದಾಯಿತು”, “ವಿಭಾಗ ಮುಚ್ಚಿತು” ಎಂದರೆ ಜಾಗವೇ ಇಲ್ಲವಾಯಿತು. ಲೇಆಫ್‌ನಲ್ಲಿ ನಿಜಕ್ಕೂ ಆಗುವುದು ಎರಡನೆಯದೇ, ಹಾಗಾಗಿ ಅದನ್ನು ಬರೆಯುವುದು ನಯಗಾರಿಕೆ ಅಲ್ಲ, ನಿಖರತೆ. ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಟರ್ಮಿನೇಟೆಡ್’ ಎಂಬ ಪದವನ್ನು ಕೆಲವರು ಸರ್ಕಾರಿ ಕಾಗದದ ಪದ ಎಂದುಕೊಂಡು ಬಳಸುತ್ತಾರೆ. ಓದುವವರು ಅದನ್ನು ತಪ್ಪಿಗಾಗಿ ವಜಾ ಮಾಡಿದ್ದು ಎಂದು ಓದುವ ಸಂಭವ ಹೆಚ್ಚು. ‘ಲೆಟ್ ಗೋ’ ಕೂಡ ಎರಡೂ ಅರ್ಥಕ್ಕೆ ಬರುತ್ತದೆ. ‘ಪೊಸಿಷನ್ ಎಲಿಮಿನೇಟೆಡ್’ ಅಥವಾ ‘ಲೇಡ್ ಆಫ್’ ಎಂದರೆ ಗೊಂದಲವಿಲ್ಲ.

ಎಷ್ಟು ಹುದ್ದೆ ಹೋದವು ಎಂಬ ಸಂಖ್ಯೆ ಸೇರಿಸಬಹುದೇ? ಗೊತ್ತಿದ್ದರೆ, ಕಂಪನಿಯೇ ಹೊರಗೆ ಹೇಳಿದ್ದರೆ, ಸೇರಿಸಿ. “ನನ್ನದೂ ಸೇರಿ 9 ಹುದ್ದೆ” ಎಂಬ ನಾಲ್ಕು ಪದಗಳು “ನನ್ನ ತಪ್ಪೇನೂ ಇರಲಿಲ್ಲ” ಎಂಬ ವಾಕ್ಯದ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತವೆ. ಆದರೆ ಲೇಆಫ್ ಸಮಯದಲ್ಲಿ ಪರಿಹಾರದ ಹಣ ತೆಗೆದುಕೊಂಡು ಒಪ್ಪಂದಕ್ಕೆ ಸಹಿ ಹಾಕಿದ್ದರೆ, ಆ ಕಾಗದವನ್ನು ಮೊದಲು ಓದಿ. ಒಳಗಿನ ವಿಷಯ ಹೊರಗೆ ಹೇಳಬಾರದು, ಕಂಪನಿಯನ್ನು ಹಳಿಯಬಾರದು ಎಂಬ ಷರತ್ತುಗಳು ಇಂಥ ಒಪ್ಪಂದಗಳಲ್ಲಿ ಇರುತ್ತವೆ. ಹಾಗಿದ್ದರೆ ಸಂಖ್ಯೆ ಬಿಟ್ಟು “ಗೋದಾಮುಗಳನ್ನು ಒಂದು ಮಾಡಿದಾಗ” ಅನ್ನುವಲ್ಲಿಗೆ ನಿಲ್ಲಿಸಿ. ಕಾರಣ ಒಂದು ಸಾಕು, ಅದರ ಹಿಂದಿನ ಕಾರಣ ಬೇಡ. ನಷ್ಟ ಯಾಕಾಯಿತು, ಯಾವ ಗ್ರಾಹಕರು ಬಿಟ್ಟುಹೋದರು ಎಂದು ಬರೆದರೆ ಹೊಸ ಕಂಪನಿಯವರಿಗೆ ಹೊಳೆಯುವುದು, ನಾಳೆ ಇವರು ನಮ್ಮ ಮನೆಯ ಮಾತನ್ನೂ ಹೀಗೇ ಬರೆಯುತ್ತಾರೆ ಎಂದು.

ಈಗ ಕಷ್ಟದ ಭಾಗ. ಮೂರು ಚಿಕ್ಕ ಕೆಲಸಗಳಲ್ಲಿ ಎರಡು ತಾವಾಗಿಯೇ ಮುಗಿದವು, ಒಂದನ್ನು ಇವರೇ ಬಿಟ್ಟರು. ಆ ಒಂದನ್ನು ಏನು ಮಾಡುವುದು? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ “ಕಂಪನಿಗಳ ಕಾರಣಗಳಿಂದ ಮೂರೂ ಕೆಲಸಗಳು ಮುಗಿದವು” ಎಂದು ಒಟ್ಟಿಗೆ ಕಟ್ಟಿಬಿಡುವುದು. ಇದು ಬೇಡ. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಬಹಳ ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುತ್ತವೆ. ಹಳೆಯ ಕಂಪನಿ ಸಾಮಾನ್ಯವಾಗಿ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ ಇಷ್ಟನ್ನು ಖಚಿತಪಡಿಸುತ್ತದೆ. ಕೆಲವು ಕಡೆ ಬಿಟ್ಟ ಕಾರಣವನ್ನೂ ಹೇಳುತ್ತಾರೆ. ಅಲ್ಲಿ ‘ರಾಜೀನಾಮೆ’ ಎಂದು ಬಂತೆಂದರೆ ಪತ್ರದ ಒಂದು ವಾಕ್ಯ ಸುಳ್ಳಾಯಿತು. ಆಮೇಲೆ ನಿಜವಾದ ಲೇಆಫ್ ಕೂಡ ಸುಳ್ಳಿನ ಹಾಗೆ ಕಾಣುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ: ಬಿಟ್ಟದ್ದನ್ನು ಬಿಟ್ಟೆ ಎಂದೇ ಬರೆಯಿರಿ, ಒಂದೇ ತುಂಡಿನಲ್ಲಿ. “ಒಂದನ್ನು ಯೋಜನೆಯ ಕೆಲಸ ಇಲ್ಲದ್ದರಿಂದ ನಾನೇ ಬಿಟ್ಟೆ.” ಹೀಗೆ ತನ್ನ ನಿರ್ಧಾರವನ್ನು ತಾನೇ ಹೊತ್ತುಕೊಂಡವರ ಉಳಿದ ಎರಡು ಮಾತನ್ನು ಓದುವವರು ನಂಬುತ್ತಾರೆ. ಅದೂ ಅಲ್ಲದೆ ಈ ವಾಕ್ಯ ಮುಂದಕ್ಕೂ ಒಂದು ಬಾಗಿಲು ತೆರೆಯುತ್ತದೆ. ಯಾವ ಕೆಲಸ ಇಲ್ಲವೆಂದು ಬಿಟ್ಟರೋ ಅದೇ ಕೆಲಸ ಈ ಹೊಸ ಹುದ್ದೆಯಲ್ಲಿ ಇದೆ. “ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು” ಎಂಬ ಕರಡಿನ ಸಾಲು ಅದೇ ಘಟನೆಯನ್ನು ದೂರಾಗಿ ಹೇಳಿತ್ತು. ಈ ಸಾಲು ಅದನ್ನು ಆಯ್ಕೆಯಾಗಿ ಹೇಳುತ್ತದೆ.

ಮೂರನ್ನೂ ವರದಿಯ ಹಾಗೆ ತಾರೀಖು ಸಮೇತ ವಿವರಿಸಬೇಡಿ. ತಾರೀಖು ರೆಸ್ಯೂಮೆಯಲ್ಲಿದೆ. “ಕಳೆದ ಎರಡು ವರ್ಷಗಳ ನನ್ನ ಕೆಲಸಗಳು ಚಿಕ್ಕ ಅವಧಿಯವು” ಎಂದು ಅವರಿಗೆ ಕಂಡದ್ದನ್ನು ನೀವೇ ನೇರವಾಗಿ ಒಮ್ಮೆ ಹೇಳಿಬಿಡಿ. “ಹಾಗೆ ಕಾಣಬಹುದು”, “ಹಾಗೆ ಅನ್ನಿಸಿದರೆ ಕ್ಷಮಿಸಿ” ಇವೆಲ್ಲ ಬೇಡ. ನಾಚಿಕೆಪಡುವಂಥದ್ದು ಇಲ್ಲಿ ಏನೂ ಆಗಿಲ್ಲ, ಕ್ಷಮೆ ಕೇಳಿದರೆ ಆಗಿದೆ ಎಂದು ಒಪ್ಪಿಕೊಂಡ ಹಾಗೆ.

ಅಳತೆ ಹೇಳಬೇಕೆಂದರೆ, ಕವರ್ ಲೆಟರ್ ಒಂದು ಪುಟ ದಾಟಬಾರದು. ಇಂಗ್ಲಿಷ್‌ನಲ್ಲಾದರೆ 250ರಿಂದ 350 ಪದ. ಕನ್ನಡದಲ್ಲಿ ವಿಭಕ್ತಿಗಳೆಲ್ಲ ಪದಕ್ಕೇ ಅಂಟುವುದರಿಂದ ಅದೇ ವಿಷಯ 150ರಿಂದ 200 ಪದಗಳಲ್ಲಿ ಬರುತ್ತದೆ. ಅದರಲ್ಲಿ ಹಿಂದಿನ ವಿವರಣೆಗೆ ಎರಡು ವಾಕ್ಯ, ಹೆಚ್ಚೆಂದರೆ 35 ಪದ. ಜಾಗ ಎಲ್ಲಿ ಅಂದರೆ, ನಿಮ್ಮ ಕೆಲಸದ ಪ್ಯಾರಾ ಮುಗಿದ ಮೇಲೆ, ಮುಂದಿನ ಯೋಜನೆಯ ಪ್ಯಾರಾ ಶುರುವಾಗುವ ಮೊದಲು. ಮೊದಲ ಪ್ಯಾರಾದಲ್ಲೇ ಹೇಳಿದರೆ ಉಳಿದದ್ದನ್ನೆಲ್ಲ ಅದರ ನೆರಳಿನಲ್ಲಿ ಓದುತ್ತಾರೆ. ಕೊನೆಯಲ್ಲಿಟ್ಟರೆ ಪತ್ರ ಮಡಚುವಾಗ ಅದೇ ನೆನಪಿರುತ್ತದೆ.

ಈಗ ಬಹಳ ಜನ ಒಂದು ಸಾಲಿನಲ್ಲಿ ಮುಗಿಸಿಬಿಡುವ ಭಾಗಕ್ಕೆ ಬರುತ್ತೇನೆ: ಮುಂದಿನ ಮಾತು. “ದೀರ್ಘಕಾಲ ನಿಮ್ಮಲ್ಲೇ ಇರುತ್ತೇನೆ” ಎಂಬ ಮಾತಿಗೆ ಬೆಲೆ ಇಲ್ಲ, ಯಾಕೆಂದರೆ ಹಿಂದಿನ ಮೂರು ಕಡೆ ಸೇರುವಾಗಲೂ ಹಾಗೇ ಹೇಳಿರಬಹುದು ಎಂದು ಯಾರಿಗಾದರೂ ಹೊಳೆಯುತ್ತದೆ. 5 ವರ್ಷ ಇರುತ್ತೇನೆಂದು ಸಂಖ್ಯೆ ಹಾಕಿದರೂ ಅದು ಪರೀಕ್ಷೆ ಮಾಡಲಾಗದ ಮಾತು. ಹಾಗಾದರೆ ಉಳಿಯುವವರು ಎಂದು ತೋರಿಸುವುದು ಹೇಗೆ? ಆ ಕೆಲಸ ತಾನಾಗಿಯೇ ಎಷ್ಟು ಕಾಲ ಬೇಡುತ್ತದೆ ಎಂದು ನಿಮಗೆ ಗೊತ್ತಿದೆ ಎಂದು ತೋರಿಸುವ ಮೂಲಕ.

ನಮ್ಮ ಉದಾಹರಣೆಯಲ್ಲೇ ನೋಡಿ. ದಾಸ್ತಾನು ಯೋಜನೆ ಅಂದರೆ ಯಾವ ಸರಕು ಯಾವ ಕಾಲದಲ್ಲಿ ಎಷ್ಟು ಬೇಕಾಗುತ್ತದೆಂದು ಅಂದಾಜು ಮಾಡಿ ತರಿಸಿಡುವುದು. ಬೇಡಿಕೆ ಕಾಲಕಾಲಕ್ಕೆ ಏರಿಳಿಯುತ್ತದೆ. ಹೊಸ ಗೋದಾಮಿಗೆ ತನ್ನದೇ ಹಳೆಯ ಅಂಕಿಗಳಿಲ್ಲ. ಮೊದಲ ವರ್ಷ ಅಂಕಿ ಕೂಡಿಸುವುದೇ ಕೆಲಸ. ಆ ಅಂಕಿಯ ಮೇಲೆ ಮಾಡಿದ ಅಂದಾಜು ಸರಿಯೋ ತಪ್ಪೋ ಎಂದು ತಿಳಿಯುವುದು ಎರಡನೆಯ ವರ್ಷ ಅದೇ ಕಾಲ ಬಂದಾಗ. ಇದನ್ನು ಪತ್ರದಲ್ಲಿ ಬರೆದವರು ‘ಎರಡು ವರ್ಷ ಇರುತ್ತೇನೆ’ ಎಂದು ಎಲ್ಲೂ ಹೇಳಿಲ್ಲ. ಆದರೆ ಎರಡು ವರ್ಷದ ಕೆಲಸ ಅವರ ಕಣ್ಣ ಮುಂದೆ ಇದೆ ಎಂದು ಓದುವವರಿಗೆ ಕಾಣುತ್ತದೆ. ಪ್ರತಿ ಕೆಲಸಕ್ಕೂ ಇಂಥದೊಂದು ಸುತ್ತು ಇರುತ್ತದೆ. ಲೆಕ್ಕಪತ್ರದವರಿಗೆ ಒಂದು ಹಣಕಾಸು ವರ್ಷದ ಆರಂಭದಿಂದ ಆಡಿಟ್ ಮುಗಿಯುವವರೆಗೆ. ಪಾಠ ಮಾಡುವವರಿಗೆ ಒಂದು ತಂಡದ ಮಕ್ಕಳು ಕೋರ್ಸ್ ಮುಗಿಸುವವರೆಗೆ. ಸಾಫ್ಟ್‌ವೇರ್‌ನವರಿಗೆ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಬಳಕೆದಾರರೆಲ್ಲ ಬಂದು, ಹಳೆಯದನ್ನು ನಿಲ್ಲಿಸುವವರೆಗೆ. ನಿಮ್ಮ ಕೆಲಸದ ಸುತ್ತು ಯಾವುದೆಂದು ಕಂಡುಕೊಂಡು ಅದನ್ನು ಎರಡು ವಾಕ್ಯದಲ್ಲಿ ಬರೆಯಿರಿ.

ಇದಕ್ಕೆ ಬೇಕಾದ ವಸ್ತು ಆ ಕಂಪನಿಯ ಪ್ರಕಟಣೆಯಲ್ಲೇ ಸಿಗುತ್ತದೆ. ಅದರಲ್ಲಿ ಮುಂದಿನದನ್ನು ಸೂಚಿಸುವ ಕ್ರಿಯಾಪದಗಳನ್ನು ಹುಡುಕಿ: ತೆರೆಯಲಿದ್ದೇವೆ, ವಿಸ್ತರಿಸುತ್ತಿದ್ದೇವೆ, ಬದಲಿಸಬೇಕಾಗಿದೆ. ಅವರ ಮುಂದಿನ ವರ್ಷ ಅಲ್ಲಿ ಬರೆದಿದೆ. ನಿಮ್ಮ ಮುಂದಿನ ಮಾತು ಅದಕ್ಕೆ ಕೊಂಡಿಯಾಗಬೇಕು. ಕೊಂಡಿ ಸಿಗದಿದ್ದರೆ, ನಿಜ ಹೇಳಬೇಕೆಂದರೆ, ಆ ಕೆಲಸ ನಿಮಗೆ ಮತ್ತೊಂದು ಚಿಕ್ಕ ಅವಧಿಯ ಕೆಲಸವಾಗುವ ಸಾಧ್ಯತೆ ಇದೆ. ಅರ್ಜಿ ಹಾಕುವ ಮೊದಲು ಇನ್ನೊಮ್ಮೆ ಯೋಚಿಸಿ.

ಪೂರ್ತಿ ಪತ್ರ ಹೀಗೆ ನಿಂತಿತು:

“ಮಾನ್ಯರೇ,

ನಿಮ್ಮ ಎರಡನೆಯ ಗೋದಾಮಿಗೆ ದಾಸ್ತಾನು ಯೋಜಕರು ಬೇಕೆಂಬ ಪ್ರಕಟಣೆ ನೋಡಿ ಈ ಅರ್ಜಿ ಕಳಿಸುತ್ತಿದ್ದೇನೆ. ಒಂದೇ ಸರಕು ಎರಡು ಗೋದಾಮುಗಳಲ್ಲಿ ಹಂಚಿಹೋದಾಗ ಒಂದು ಕಡೆ ರಾಶಿ, ಇನ್ನೊಂದು ಕಡೆ ಖಾಲಿ ಆಗದಂತೆ ನೋಡಿಕೊಳ್ಳುವುದೇ ಹಿಂದಿನ ಕೆಲಸದಲ್ಲಿ ನನ್ನ ಜವಾಬ್ದಾರಿಯಾಗಿತ್ತು.

ಅಲ್ಲಿ 1,800 ಬಗೆಯ ಸರಕುಗಳಿಗೆ ಎಷ್ಟು ಉಳಿದಾಗ ಮತ್ತೆ ತರಿಸಬೇಕೆಂಬ ಮಟ್ಟವನ್ನು ಹೊಸದಾಗಿ ಲೆಕ್ಕ ಹಾಕಿದೆ. ಪುಸ್ತಕದ ಲೆಕ್ಕಕ್ಕೂ ಕೈಯೆಣಿಕೆಗೂ ಇದ್ದ ವ್ಯತ್ಯಾಸ ನೂರಕ್ಕೆ 4ರಿಂದ 1.5ಕ್ಕೆ ಇಳಿಯಿತು. ಇದಕ್ಕೆಲ್ಲ ತಳಪಾಯ ವಿತರಣಾ ಕಂಪನಿಯೊಂದರಲ್ಲಿ ದಾಸ್ತಾನು ಮೇಲ್ವಿಚಾರಕನಾಗಿ ದುಡಿದ 4 ವರ್ಷ. ಅಲ್ಲಿ ಮೂರು ವಾರ್ಷಿಕ ಎಣಿಕೆಗಳನ್ನು ಮುಂದೆ ನಿಂತು ನಡೆಸಿದ್ದೇನೆ.

ಕಳೆದ ಎರಡು ವರ್ಷಗಳ ನನ್ನ ಕೆಲಸಗಳು ಚಿಕ್ಕ ಅವಧಿಯವು: ಒಂದು ಗುತ್ತಿಗೆ ಮುಗಿದು ಕೊನೆಗೊಂಡಿತು, ಒಂದನ್ನು ಯೋಜನೆಯ ಕೆಲಸ ಇಲ್ಲದ್ದರಿಂದ ನಾನೇ ಬಿಟ್ಟೆ. ಇತ್ತೀಚಿನ ಕಂಪನಿ ಎರಡು ಗೋದಾಮುಗಳನ್ನು ಒಂದು ಮಾಡಿ ನನ್ನದೂ ಸೇರಿ 9 ಹುದ್ದೆಗಳನ್ನು ರದ್ದು ಮಾಡಿದಾಗ, ಖರೀದಿ ಲೆಕ್ಕವನ್ನೆಲ್ಲ ಕೇಂದ್ರ ಕಚೇರಿಗೆ ಒಪ್ಪಿಸಿ ಬಂದೆ.

ಹೊಸ ಗೋದಾಮಿನಲ್ಲಿ ಮೊದಲ ಮೂರು ತಿಂಗಳೊಳಗೆ ವಾರದ ಎಣಿಕೆಯನ್ನು ರೂಢಿಗೆ ತರಬೇಕು, ವರ್ಷ ತುಂಬುವಷ್ಟರಲ್ಲಿ ಬೇಡಿಕೆಯ ಅಂಕಿಗಳು ಕೈಯಲ್ಲಿರಬೇಕು. ಎರಡನೆಯ ವರ್ಷದ ಖರೀದಿಯನ್ನು ಆ ಅಂಕಿಗಳ ಮೇಲೆ ಮಾಡಿ, ಅಂದಾಜು ಎಷ್ಟು ನಿಜವಾಯಿತೆಂದು ತಾಳೆ ನೋಡುವವರೆಗಿನ ಕೆಲಸವನ್ನು ವಹಿಸಿಕೊಳ್ಳಲು ಬಯಸುತ್ತೇನೆ. ಈ ಬಗ್ಗೆ ನಿಮ್ಮೊಂದಿಗೆ ಮಾತನಾಡಲು ಅವಕಾಶ ಕೋರುತ್ತೇನೆ.”

ಇದರ ಮೂರನೆಯ ಪ್ಯಾರಾವನ್ನು ಕರಡಿನ ಪ್ಯಾರಾ ಪಕ್ಕದಲ್ಲಿಟ್ಟು ನೋಡಿ. ಅದೇ ಮೂರು ಸಂಗತಿಗಳು. ಕರಡು ಆರು ವಾಕ್ಯ ತೆಗೆದುಕೊಂಡಿತ್ತು, ಇದು ಎರಡು ವಾಕ್ಯಕ್ಕೆ ಮುಗಿಯಿತು. ಉಳಿದ ಜಾಗ ಕೊನೆಯ ಪ್ಯಾರಾಕ್ಕೆ ಹೋಯಿತು. 4 ವರ್ಷದ ಮೊದಲ ಕೆಲಸ ಎರಡನೆಯ ಪ್ಯಾರಾದ ಕೊನೆಗೆ ಬಂದದ್ದೂ ಲೆಕ್ಕ ಹಾಕಿಯೇ. ಚಿಕ್ಕ ಕೆಲಸಗಳ ಮಾತು ಬರುವ ಸರಿಯಾಗಿ ಮೊದಲು, ಈ ವ್ಯಕ್ತಿ ಒಂದು ಕಡೆ ನಿಂತು ದುಡಿದದ್ದು ಓದುವವರ ಕಣ್ಣಿಗೆ ಬಿದ್ದಿರುತ್ತದೆ. ಉದ್ದ ಅವಧಿಯ ಕೆಲಸ ಹಳೆಯದೆಂದು ರೆಸ್ಯೂಮೆಯ ಕೆಳಗೆ ಸೇರಿಹೋಗಿದ್ದರೆ ಪತ್ರದಲ್ಲಿ ಅದನ್ನು ಹೀಗೆ ಮೇಲೆ ತನ್ನಿ. ಉದ್ದದ ಕೆಲಸವೇ ಇಲ್ಲದವರು, ಒಂದೇ ಬಗೆಯ ಕೆಲಸವನ್ನು ಬೇರೆ ಬೇರೆ ಕಡೆ ಒಟ್ಟು ಎಷ್ಟು ತಿಂಗಳು ಮಾಡಿದ್ದೀರಿ ಎಂದು ಕೂಡಿಸಿ ಬರೆಯಬಹುದು. ಸ್ಥಳ ಬದಲಾದರೂ ಕಸುಬು ಬದಲಾಗಿಲ್ಲ ಎಂದು ಅದರಿಂದ ತಿಳಿಯುತ್ತದೆ.

ಕಳಿಸುವ ಮೊದಲು ಮೂರು ಕಾಗದಗಳನ್ನು ಪಕ್ಕಪಕ್ಕ ಇಡಿ: ಪತ್ರ, ರೆಸ್ಯೂಮೆ, ಕಂಪನಿ ಕೊಟ್ಟ ರಿಲೀವಿಂಗ್ ಲೆಟರ್. ಲಿಂಕ್ಡ್‌ಇನ್ ಪುಟವನ್ನೂ ತೆರೆದಿಟ್ಟುಕೊಳ್ಳಿ. ತಿಂಗಳು, ವರ್ಷ, ಹುದ್ದೆಯ ಹೆಸರು ನಾಲ್ಕು ಕಡೆಯೂ ಒಂದೇ ಇರಬೇಕು. ಲೇಆಫ್ ಆದ ಮೇಲೂ ಅಂತರ್ಜಾಲದ ಪುಟದಲ್ಲಿ ‘ಇಂದಿನವರೆಗೆ’ ಎಂದು ಉಳಿದುಹೋಗುವುದು ತೀರಾ ಸಾಮಾನ್ಯ ಎಡವಟ್ಟು. ಇನ್ನೊಂದು, ತಿಂಗಳು ಬಿಟ್ಟು ಬರೀ ವರ್ಷ ಬರೆದು ಅಂತರ ಮುಚ್ಚುವ ಉಪಾಯ. ನೇಮಕಾತಿಯವರಿಗೆ ಅದು ಹಳೆಯ ಪರಿಚಯ. ತಿಂಗಳು ಇಲ್ಲದ್ದು ಕಂಡರೆ ಮೊದಲು ಅದನ್ನೇ ಕೇಳುತ್ತಾರೆ. ಆನ್‌ಲೈನ್ ಅರ್ಜಿಗಳಲ್ಲಿ ‘ಕೆಲಸ ಬಿಟ್ಟ ಕಾರಣ’ ಎಂಬ ಖಾನೆ ಇದ್ದರೆ ಅಲ್ಲಿ ಕಥೆ ಬೇಡ, ‘ಹುದ್ದೆ ರದ್ದು’, ‘ಗುತ್ತಿಗೆ ಮುಕ್ತಾಯ’, ‘ರಾಜೀನಾಮೆ’ ಎಂದು ಒಂದೆರಡು ಪದ ಸಾಕು, ಪತ್ರದಲ್ಲಿರುವ ಕಾರಣವೇ ಅಲ್ಲೂ ಇರಲಿ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಕಂಪನಿ ಲೇಆಫ್ ಎಂದಿತು, ಆದರೆ ಯಾರನ್ನು ತೆಗೆಯಬೇಕೆಂದು ಪರ್ಫಾರ್ಮೆನ್ಸ್ ರೇಟಿಂಗ್ ನೋಡಿ ಆರಿಸಿತು, ಆಗ ಏನು ಬರೆಯಬೇಕು ಎಂದು ಒಬ್ಬರು ಕೇಳಿದ್ದಾರೆ. ನಿಮ್ಮ ಕೈಯಲ್ಲಿರುವ ಕಾಗದ ಏನು ಹೇಳುತ್ತದೆ ಎಂದು ನೋಡಿ. ಅದರಲ್ಲಿ ಹುದ್ದೆ ರದ್ದು ಎಂದಿದ್ದರೆ ಅಷ್ಟನ್ನೇ ಬರೆಯಿರಿ. “ಇದಕ್ಕೂ ನನ್ನ ಕೆಲಸದ ಗುಣಮಟ್ಟಕ್ಕೂ ಸಂಬಂಧವಿಲ್ಲ” ಎಂಬ ಸಾಲು ಮಾತ್ರ ಸೇರಿಸಬೇಡಿ. ಹಳೆಯ ಮ್ಯಾನೇಜರ್‌ಗೆ ಫೋನ್ ಹೋದಾಗ ಅಲ್ಲಗಳೆಯಬಹುದಾದ ಮಾತು ಅದು. ಕಾಗದದಲ್ಲೇ ಕೆಲಸ ತೃಪ್ತಿಕರವಾಗಿಲ್ಲ ಎಂದಿದ್ದರೆ ಅದು ಲೇಆಫ್ ಅಲ್ಲ, ಹಾಗೆ ಕರೆಯಬಾರದು. ಅದನ್ನು ಪತ್ರದಲ್ಲಿ ಎತ್ತದೆ ಸಂದರ್ಶನಕ್ಕೆ ಉತ್ತರ ತಯಾರು ಮಾಡಿಕೊಳ್ಳುವುದು ಸರಿ.

5 ತಿಂಗಳ ಕೆಲಸವನ್ನು ರೆಸ್ಯೂಮೆಯಿಂದಲೇ ಬಿಟ್ಟರೆ ಆಗದೇ ಎಂಬುದು ಇನ್ನೊಂದು ಪ್ರಶ್ನೆ. ರೆಸ್ಯೂಮೆ ನೀವು ಆರಿಸಿ ಬರೆಯುವ ಕಾಗದ, ಬಿಡಬಹುದು. ಆದರೆ ಆ 5 ತಿಂಗಳು ಖಾಲಿಯಾಗಿ ಕಾಣುತ್ತದೆ, ಖಾಲಿಗಿಂತ ಕೆಲಸವೇ ವಾಸಿ. ‘ಇಲ್ಲಿಯವರೆಗಿನ ಎಲ್ಲ ಕೆಲಸಗಳು’ ಎಂದು ಕೇಳಿ, ಕೆಳಗೆ ‘ಮೇಲಿನದೆಲ್ಲ ನಿಜ’ ಎಂದು ಸಹಿ ಮಾಡಿಸಿಕೊಳ್ಳುವ ಅರ್ಜಿಯಲ್ಲಿ ಮಾತ್ರ ಒಂದನ್ನೂ ಬಿಡುವಂತಿಲ್ಲ. ಸೇರಿದ ಮೇಲೆ ಗೊತ್ತಾದರೂ ಅದು ಕೆಲಸಕ್ಕೇ ಕುತ್ತು ತರಬಹುದು.

ಲೇಆಫ್ ಆಗಿ 8 ತಿಂಗಳು, ಈ ನಡುವೆ ಕೋರ್ಸೂ ಇಲ್ಲ, ಬಿಡಿ ಕೆಲಸವೂ ಇಲ್ಲ, ಏನು ಬರೆಯಲಿ ಎಂದು ಹಿಂದಿನ ಸಾಲಿನಿಂದ ಕೇಳಿದರು. ಮಾಡದೇ ಇದ್ದದ್ದನ್ನು ಮಾಡಿದೆ ಎಂದು ಬರೆಯಬೇಡಿ. “ಸ್ವಯಂ ಅಧ್ಯಯನದಲ್ಲಿ ತೊಡಗಿದ್ದೆ” ಎಂದು ಬರೆದವರಿಗೆ ಏನು ಓದಿದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮನೆಯ ಕಾರಣಗಳಿಂದ ಬಿಡುವು ತೆಗೆದುಕೊಂಡಿದ್ದರೆ ‘ಮನೆಯ ಜವಾಬ್ದಾರಿ ಮುಗಿದಿದೆ’ ಎಂದು ಮೂರು ಪದ ಸಾಕು, ಯಾರ ಕಾಯಿಲೆ ಏನು ಎಂಬ ವಿವರ ಬೇಡ. ಕೆಲಸ ಹುಡುಕುತ್ತಲೇ ಇದ್ದರೆ ಅಂತರದ ಬಗ್ಗೆ ಏನೂ ಹೇಳದೆ, ಲೇಆಫ್ ವಾಕ್ಯದ ನಂತರ ನೇರ ಮುಂದಿನ ಕೆಲಸಕ್ಕೆ ಹೋಗಿ. ಹುಡುಕಾಟಕ್ಕೆ ತಿಂಗಳುಗಳು ಹಿಡಿಯುತ್ತವೆ ಎಂದು ಓದುವವರಿಗೂ ಗೊತ್ತಿದೆ. ನಿಮ್ಮ ಕೈಯಲ್ಲಿ ಒಂದು ಅನುಕೂಲವೂ ಇದೆ, ಅದನ್ನು ಬಳಸಿಕೊಳ್ಳಿ: ಈಗ ಕೆಲಸದಲ್ಲಿರುವವರು ನೋಟಿಸ್ ಅವಧಿ ಮುಗಿಸಿ ಬರಬೇಕು, ನಿಮಗೆ ಆ ಕಾಯುವಿಕೆ ಇಲ್ಲ. “ಯಾವಾಗ ಬೇಕಾದರೂ ಸೇರುತ್ತೇನೆ” ಎಂದು ಬರೆಯುವ ಬದಲು, ಪತ್ರ ಕಳಿಸಿದ ದಿನದಿಂದ ಎರಡು ಮೂರು ವಾರದ ನಂತರದ ಒಂದು ತಾರೀಖು ಹಾಕಿ, “ನೋಟಿಸ್ ಅವಧಿ ಇಲ್ಲ, ಈ ದಿನದಿಂದ ಸೇರಬಹುದು” ಎಂದು ಕೊನೆಯ ಸಾಲಾಗಿ ಬರೆಯಿರಿ.